ಟೊಮೆಟೊ ದುಡ್ಡು, ಎರಡು ವರ್ಷದ ಎಫ್‌ಡಿ: ಬ್ಯಾಂಕಿಗೆ ಕ್ಯಾರೊಸೆಲ್ ಬರೆದುಕೊಟ್ಟ ಲಾಗ್

ಕೋಲಾರದ ಒಂದು ಸಹಕಾರಿ ಬ್ಯಾಂಕಿಗೆ ಎರಡು ವರ್ಷದ ಎಫ್‌ಡಿ ಬಗ್ಗೆ ಕ್ಯಾರೊಸೆಲ್ ಬೇಕಿತ್ತು. ಇನ್‌ಸ್ಟಾಗ್ರಾಂ, ಫೇಸ್‌ಬುಕ್ಕಿನಲ್ಲಿ ಬೆರಳಲ್ಲಿ ಸರಿಸುತ್ತಾ ನೋಡುವ ಚಿತ್ರಗಳ ಸಾಲು ಅದು. ಎಪಿಎಂಸಿಯಲ್ಲಿ ಟೊಮೆಟೊಗೆ ಒಳ್ಳೆ ರೇಟು ಸಿಕ್ಕವರು ಆ ದುಡ್ಡಿನಲ್ಲಿ ಒಂದಷ್ಟನ್ನು ಇಲ್ಲೇ ಇಡಲಿ ಅನ್ನುವುದು ಬ್ಯಾಂಕಿನ ಲೆಕ್ಕ. ಮ್ಯಾನೇಜರ್ ಹೇಳಿದ್ದು ಇಷ್ಟೇ: "ನಮ್ಮ ಭಾಷೆ ಕೋರ್ಟ್ ನೋಟಿಸ್ ಥರ ಇದೆ. ಸ್ವಲ್ಪ ಮನೆ ಮಾತಿನ ಥರ ಮಾಡಿಕೊಡಿ. ಆದ್ರೆ ಹೆಡ್ ಆಫೀಸಲ್ಲಿ ಪಾಸಾಗಬೇಕು."

ಬ್ಯಾಂಕಿನ ಹೆಸರು ಇಲ್ಲಿ ಬೇಡ. ಅವರ ನಿಜವಾದ ದರಗಳನ್ನೂ ಹಾಕಿಲ್ಲ. ಲೆಕ್ಕ ಅರ್ಥವಾಗಲಿ ಅಂತ ಎರಡು ವರ್ಷಕ್ಕೆ 7.5%, ಎಂಟು ತಿಂಗಳ ಅವಧಿಗೆ 6.25%, ನಡುವೆ ಮುರಿಸಿದರೆ 1% ಕಡಿತ ಎಂದು ಇಟ್ಟುಕೊಂಡಿದ್ದೇನೆ.

ಹಂತ 1: ಕೈಗೆ ಬಂದ ಸಾಮಾನು

ಬ್ಯಾಂಕಿನಿಂದ ಬಂದದ್ದು ಎರಡು ಪುಟದ ವರ್ಡ್ ಫೈಲ್. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು, ಯೂನಿಕೋಡ್ ಅಲ್ಲ. ಡಿಸೈನ್ ಸಾಫ್ಟ್‌ವೇರಿಗೆ ಪೇಸ್ಟ್ ಮಾಡಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಮೊದಲು ಯೂನಿಕೋಡಿಗೆ ಬದಲಿಸಿ, ಅರ್ಕಾವತ್ತು, ಒತ್ತಕ್ಷರ ಮತ್ತು ಅಂಕಿಗಳನ್ನು ಮೂಲದ ಪಕ್ಕ ಇಟ್ಟುಕೊಂಡು ಒಂದೊಂದಾಗಿ ಓದಬೇಕಾಯಿತು. ಬೇರೆ ಕೆಲಸದಲ್ಲಿ ಇದನ್ನು ಹಾರಿಸಬಹುದು, ಬ್ಯಾಂಕಿನ ಕೆಲಸದಲ್ಲಿ ಆಗಲ್ಲ. ಬದಲಿಸುವಾಗ ದಶಮಾಂಶದ ಚುಕ್ಕಿ ಬಿದ್ದುಹೋದರೆ 7.5 ಹೋಗಿ 75 ಆಗುತ್ತೆ.

ಆಮೇಲೆ ಪ್ರತಿ ವಾಕ್ಯದ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಗುರುತು ಹಾಕಿದೆ: ಇದು ಗ್ರಾಹಕರಿಗೆ ಕೊಡುವ ಮಾತೋ, ಆ ಮಾತಿಗೆ ಕಟ್ಟಿದ ಷರತ್ತೋ, ಬರೀ ಮರ್ಯಾದೆಯೋ? "ನಮ್ಮ ಮಾನ್ಯ ಗ್ರಾಹಕರ ಅವಗಾಹನೆಗೆ ತರಬಯಸುವುದೇನೆಂದರೆ" ಎಂಬಂಥ ಮರ್ಯಾದೆಯ ಸಾಲುಗಳೇ ಮೂರನೇ ಒಂದು ಭಾಗ ಇದ್ದವು. ಅವನ್ನೆಲ್ಲ ಕಿತ್ತೆ. ಷರತ್ತು ಒಂದನ್ನೂ ಕಿತ್ತಿಲ್ಲ. ಬಿಗಿ ಭಾಷೆ ಸಡಿಲಿಸಲು ಕೂತಾಗ ಕೈ ಮೊದಲು ಹೋಗುವುದು ಷರತ್ತಿನ ಮೇಲೆ, ಯಾಕೆಂದರೆ ಅತ್ಯಂತ ಬಿಗಿಯಾಗಿ ಬರೆದಿರುವುದು ಅದನ್ನೇ. ಈ ಕೆಲಸದಲ್ಲಿ ಷರತ್ತಿನ ಮಾತು ಬದಲಾಗಬಹುದು, ಷರತ್ತು ಕಾಣೆಯಾಗಬಾರದು.

ಹಂತ 2: ಮೊದಲ ಚಿತ್ರ, 8.01% ಗಲಾಟೆ

ಬ್ಯಾಂಕಿನ ಹಳೆಯ ಪೋಸ್ಟರಿನಲ್ಲಿ ದೊಡ್ಡದಾಗಿ "ಶೇ. 8.01 ಆದಾಯ" ಎಂದಿತ್ತು. ಮ್ಯಾನೇಜರಿಗೆ ಅದೇ ಮೊದಲ ಚಿತ್ರದಲ್ಲಿ ಬೇಕು. "ಎಂಟು ದಾಟಿದ್ರೆ ಜನ ನಿಲ್ತಾರೆ" ಎಂದರು. ನಿಲ್ಲುತ್ತಾರೆ, ನಿಜ. ಆದರೆ ಆ ಅಂಕಿ ಬಂದದ್ದು ಹೀಗೆ:

```
1,00,000 × (1 + 0.075/4)^8 = 1,16,022
16.02 ÷ 2 ವರ್ಷ = 8.01
```

ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಎರಡು ವರ್ಷ ಬಿಟ್ಟರೆ ಒಟ್ಟು ಬಡ್ಡಿ 16,022 ರೂಪಾಯಿ. ಅದನ್ನು ಎರಡರಿಂದ ಭಾಗಿಸಿ "ವರ್ಷಕ್ಕೆ ಇಷ್ಟು" ಅಂದರೆ 8.01 ಬರುತ್ತೆ. ಲೆಕ್ಕದಲ್ಲಿ ಸುಳ್ಳಿಲ್ಲ, ಆದರೆ ಇದು ಬಡ್ಡಿ ದರವೂ ಅಲ್ಲ. ಅವಧಿ ಹೆಚ್ಚಿದಷ್ಟೂ ಈ ಅಂಕಿ ಉಬ್ಬುತ್ತಾ ಹೋಗುತ್ತೆ. ಅದೇ 7.5% ದರಕ್ಕೆ ಐದು ವರ್ಷ ಹಾಕಿ ನೋಡಿ, 9 ಆಗುತ್ತೆ. ಬ್ಯಾಂಕು ಬಡ್ಡಿ ದರವನ್ನು ಒಂದು ಚೂರೂ ಏರಿಸಿರುವುದಿಲ್ಲ.

ಠೇವಣಿ ಬಡ್ಡಿಯ ಬಗ್ಗೆ ಆರ್‌ಬಿಐ ನಿರ್ದೇಶನದಲ್ಲಿ ಇದಕ್ಕೆ ನೇರ ನಿಷೇಧವೇ ಇದೆ: ಚಕ್ರಬಡ್ಡಿಯ ಆದಾಯವನ್ನಷ್ಟೇ ಎತ್ತಿ ತೋರಿಸಿ, ಆ ಅವಧಿಗೆ ವರ್ಷಕ್ಕೆ ಕೊಡುವ ಸರಳ ಬಡ್ಡಿ ದರ ಹೇಳದೆ ಠೇವಣಿ ಕೇಳುವ ಜಾಹೀರಾತು ಹಾಕುವಂತಿಲ್ಲ. ಹಾಗಂತ 8.01 ಅನ್ನು ದೊಡ್ಡದಾಗಿಯೇ ಬಿಟ್ಟು ಕೆಳಗೆ ಸಣ್ಣಗೆ 7.5 ಬರೆದು ನೋಡಿದೆ. ಕಂಪ್ಲಯನ್ಸ್ ನೋಡುವ ಮೇಡಂ ಹೆಡ್ ಆಫೀಸಿನಿಂದ ಅದನ್ನೂ ವಾಪಸ್ ಕಳಿಸಿದರು, ಅವರು ಮಾಡಿದ್ದು ಸರಿಯೇ. ತಪ್ಪು ತಿಳಿವಳಿಕೆ ಹುಟ್ಟಿಸುವ ಮಾತನ್ನು ಮೇಲೆ ಹಾಕಿ ಕೆಳಗಿನ ಟಿಪ್ಪಣಿಯಲ್ಲಿ ತಿದ್ದುವುದು ಎಲ್ಲೂ ನಿಲ್ಲಲ್ಲ.

ಕೊನೆಗೆ ಗಟ್ಟಿಯಾದದ್ದು ಶೇಕಡಾ ಬಿಟ್ಟು ರೂಪಾಯಿಗೆ ಬಂದಾಗ:

> 1 ಲಕ್ಷ ಇಟ್ರೆ, 2 ವರ್ಷಕ್ಕೆ ₹1,16,022.
> ಬಡ್ಡಿ ವರ್ಷಕ್ಕೆ 7.5%. ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರುತ್ತೆ. ಪೂರ್ತಿ 2 ವರ್ಷ ಬಿಟ್ಟರೆ ಮಾತ್ರ ಈ ಮೊತ್ತ.

ಮಂಡಿಯಲ್ಲಿ ಯಾರೂ ಶೇಕಡಾದಲ್ಲಿ ಯೋಚಿಸಲ್ಲ. ಬಾಕ್ಸಿಗೆ ಎಷ್ಟು, ಕಮಿಷನ್ ಹೋಗಿ ಕೈಗೆ ಎಷ್ಟು ಅನ್ನುವುದೇ ಅಲ್ಲಿನ ಲೆಕ್ಕ. ಕೈಗೆ ಬರುವ ಮೊತ್ತ ಹೇಳಿದ್ದರಿಂದ ಮಾತು ಹತ್ತಿರವಾಯಿತು, ಪಕ್ಕದಲ್ಲೇ ದರ ಇದ್ದದ್ದರಿಂದ ನಿಯಮಕ್ಕೂ ಸರಿಹೋಯಿತು. ಮ್ಯಾನೇಜರ್ ಸುಮ್ಮನಾದದ್ದು 1,16,022 ಅನ್ನುವ ಅಂಕಿ 8.01ಕ್ಕಿಂತ ದೊಡ್ಡದಾಗಿ ಕಾಣುತ್ತೆ ಅಂತ ಗೊತ್ತಾದ ಮೇಲೆ!

ಹಂತ 3: ಮುರಿಸುವವರ ಚಿತ್ರ

ಹೆಚ್ಚು ತಲೆ ತಿಂದದ್ದು ಇದು. ಟೊಮೆಟೊ ದುಡ್ಡು ಎರಡು ವರ್ಷ ಸುಮ್ಮನೆ ಕೂರುವ ದುಡ್ಡಲ್ಲ. ಮುಂದಿನ ಬೆಳೆಗೆ ಸಸಿ, ಮಲ್ಚಿಂಗ್ ಶೀಟು, ಕೋಲು, ಔಷಧಿ ಅಂತ ಬೇಕೇ ಬೇಕು. ಹಾಗಾಗಿ ಈ ಗ್ರಾಹಕರಲ್ಲಿ ಎಷ್ಟೋ ಜನ ಎಫ್‌ಡಿಯನ್ನು ನಡುವೆ ಮುರಿಸುತ್ತಾರೆ. ಕೌಂಟರಿನಲ್ಲಿ ಜಗಳ ಆಗುವುದೂ ಅಲ್ಲೇ: "ಏಳೂವರೆ ಅಂದ್ರಲ್ಲ ಸಾರ್, ಇಷ್ಟೇನಾ?"

ಬ್ಯಾಂಕಿನ ಮೂಲ ವಾಕ್ಯ ಹೀಗಿತ್ತು:

> "ಸದರಿ ಠೇವಣಿಯನ್ನು ಅವಧಿಪೂರ್ವವಾಗಿ ಹಿಂಪಡೆದಲ್ಲಿ ಬ್ಯಾಂಕಿನ ಚಾಲ್ತಿ ನಿಯಮಗಳನ್ವಯ ದಂಡ ವಿಧಿಸಲಾಗುವುದು."

ನನ್ನ ಮೊದಲ ಕರಡು:

> "ನಡುವೆ ದುಡ್ಡು ಬೇಕಾಯ್ತಾ? ಚಿಂತೆ ಬಿಡಿ, ಯಾವಾಗ ಬೇಕಾದ್ರೂ ತಗೊಳ್ಳಿ!"

ಓದೋಕೆ ಚೆನ್ನಾಗಿದೆ, ಆದರೆ ಮೂಲಕ್ಕಿಂತ ಕೆಟ್ಟದ್ದು. ಮೂಲ ಯಾರಿಗೂ ಅರ್ಥವಾಗದಿದ್ದರೂ ಕಡಿತ ಇದೆ ಅಂತಲಾದರೂ ಹೇಳುತ್ತಿತ್ತು. ಎರಡನೆಯ ಕರಡಿನಲ್ಲಿ "1% ಕಡಿತ ಇರುತ್ತೆ" ಅಂತ ಸೇರಿಸಿದೆ. ಓದಿದವರೆಲ್ಲ ಲೆಕ್ಕ ಹಾಕಿದ್ದು 7.5ರಲ್ಲಿ 1 ಕಳೆದು ಆರೂವರೆ ಅಂತ. ಅದೂ ತಪ್ಪು. ಎಂಟು ತಿಂಗಳಿಗೆ ಮುರಿಸಿದರೆ ಬ್ಯಾಂಕು ಮೊದಲು ನೋಡುವುದು, ದುಡ್ಡು ನಿಜವಾಗಿ ಇದ್ದ ಎಂಟು ತಿಂಗಳ ಅವಧಿಗೆ, ಇಟ್ಟ ದಿನ ಏನು ದರ ಇತ್ತು ಅಂತ. ಅದು 6.25. ಅದರಲ್ಲಿ 1 ಕಳೆದರೆ 5.25. ಅಂದರೆ ದರ ಎರಡು ಮೆಟ್ಟಿಲು ಇಳಿಯುತ್ತೆ, ಜನಕ್ಕೆ ಕಾಣುವುದು ಒಂದೇ. ಕಾಣದೇ ಇದ್ದ ಆ ಮೊದಲ ಮೆಟ್ಟಿಲೇ ಜಗಳದ ಮೂಲ.

ರೂಪಾಯಿಯಲ್ಲಿ: ಒಂದು ಲಕ್ಷಕ್ಕೆ ಎಂಟು ತಿಂಗಳಿಗೆ ಗ್ರಾಹಕರು ನಿರೀಕ್ಷಿಸುವುದು 7.5%ರ ಲೆಕ್ಕದಲ್ಲಿ ಸುಮಾರು 5,080. ಸಿಗುವುದು 5.25%ರ ಲೆಕ್ಕದಲ್ಲಿ ಸುಮಾರು 3,540. ಸುಮಾರು 1,540 ರೂಪಾಯಿ ವ್ಯತ್ಯಾಸ. ಇದನ್ನು ಅಡಗಿಸಿ ಯಾವ ಮಾತಾಡಿದರೂ ಅದು ಸ್ನೇಹವಲ್ಲ. ಕೊನೆಗೆ ಪಾಸಾದ ಚಿತ್ರ:

> ನಡುವೆ ದುಡ್ಡು ಬೇಕಾದ್ರೆ?
> ತಗೋಬಹುದು. ಆದರೆ 7.5% ಸಿಗಲ್ಲ.
> ಉದಾಹರಣೆಗೆ, 8 ತಿಂಗಳಿಗೆ ಮುರಿಸಿದರೆ:
> 8 ತಿಂಗಳ ಅವಧಿಯ ದರ 6.25%
> ಅದರಲ್ಲಿ ಕಡಿತ 1%
> ನಿಮಗೆ ಸಿಗುವ ದರ 5.25%
> 1 ಲಕ್ಷಕ್ಕೆ ಬಡ್ಡಿ ಸುಮಾರು ₹3,540. ಅಸಲಿನಲ್ಲಿ ಕಡಿತ ಇಲ್ಲ.

ಕೊನೆಯ ಸಾಲು ಬರೆಯುವ ಮುಂಚೆ ಮೇಡಂಗೆ ಫೋನ್ ಮಾಡಿ ಕೇಳಿದೆ. ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆ ಕೈಗೆ ತೆಗೆದುಕೊಳ್ಳುವವರಿಗೆ ಈ ಸಾಲು ಹೊಂದಲ್ಲ ಅಂದರು. ಅವರಿಗೆ ಆಗಲೇ 7.5ರಂತೆ ಬಡ್ಡಿ ಹೋಗಿರುತ್ತೆ. ಮುರಿಸಿದ ದಿನ ಹೆಚ್ಚಾಗಿ ಕೊಟ್ಟದ್ದನ್ನು ಅಸಲಿನಲ್ಲೇ ಹಿಡಿಯುತ್ತಾರೆ. ಹಾಗಾಗಿ ಚಿತ್ರದ ತಲೆಯಲ್ಲಿ "ಬಡ್ಡಿ ಕೊನೆಯಲ್ಲಿ ಒಟ್ಟಿಗೆ ಪಡೆಯುವ ಎಫ್‌ಡಿಗೆ" ಎಂದು ಸೇರಿಸಿದೆವು. ಉದ್ದವಾಯಿತು, ಅಂದ ಕೆಟ್ಟಿತು. ಇರಲಿ ಎಂದು ಬಿಟ್ಟೆ.

ಎಫ್‌ಡಿ ಮೇಲೆ ಸಾಲ ತೆಗೆದರೆ ಮುರಿಸದೆಯೂ ಕೆಲಸ ನಡೆಯುತ್ತೆ ಅಂತ ಇಲ್ಲೇ ಹೇಳುವ ಆಸೆ ಇತ್ತು. ಹೇಳಿದರೆ ಸಾಲದ ಬಡ್ಡಿ ಎಷ್ಟು, ಎಷ್ಟರವರೆಗೆ ಸಿಗುತ್ತೆ ಅನ್ನುವುದೂ ಜೊತೆಗೆ ಬರಬೇಕು. ಅದಕ್ಕೆ ಬೇರೆಯೇ ಪೋಸ್ಟ್ ಆಗಲಿ ಎಂದು ಬಿಟ್ಟೆವು.

ಹಂತ 4: "ಸೇಫ್" ಅನ್ನುವ ಚಿತ್ರ

ಮ್ಯಾನೇಜರ್ ಕೊಟ್ಟ ಸಾಲು: "ಆರ್‌ಬಿಐ ಗ್ಯಾರಂಟಿ, 100% ಸೇಫ್." ಎರಡು ತುಂಡೂ ನಿಲ್ಲಲ್ಲ. ಆರ್‌ಬಿಐ ಯಾವ ಬ್ಯಾಂಕಿನ ಠೇವಣಿಗೂ ಗ್ಯಾರಂಟಿ ಕೊಡಲ್ಲ. ಇರುವುದು ಡಿಐಸಿಜಿಸಿ ವಿಮೆ. ಅದು ಆರ್‌ಬಿಐನದೇ ಅಂಗಸಂಸ್ಥೆ, 2020ರ ಫೆಬ್ರವರಿಯಿಂದ ಮಿತಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿದೆ. ಈ ಐದು ಲಕ್ಷ ಒಂದು ಎಫ್‌ಡಿಗೆ ಅಲ್ಲ. ಒಬ್ಬರ ಹೆಸರಲ್ಲಿ ಆ ಬ್ಯಾಂಕಿನ ಎಲ್ಲ ಶಾಖೆಗಳಲ್ಲಿರುವ ಎಸ್‌ಬಿ, ಆರ್‌ಡಿ, ಎಫ್‌ಡಿ, ಅಸಲು, ಬಡ್ಡಿ ಎಲ್ಲ ಕೂಡಿ ಐದು ಲಕ್ಷ.

ಹಾಗಾಗಿ "5 ಲಕ್ಷ ಎಫ್‌ಡಿ ಇಡಿ, ಪೂರ್ತಿ ವಿಮೆ ಇದೆ" ಎಂಬ ಸಾಲೂ ತಪ್ಪೇ. ಇಟ್ಟ ದಿನ ಪೂರ್ತಿ ಒಳಗಿರುತ್ತೆ, ಬಡ್ಡಿ ಸೇರತೊಡಗಿದ ಮೇಲೆ ಹೊರಗೆ ಚಾಚುತ್ತೆ. ಈ ದರದಲ್ಲಿ ಎರಡು ವರ್ಷದ ಕೊನೆಗೂ ಮಿತಿಯ ಒಳಗೇ ಇರಬೇಕಾದರೆ ಇಡಬೇಕಾದದ್ದು ಸುಮಾರು 4.3 ಲಕ್ಷ, ಅದೂ ಆ ಬ್ಯಾಂಕಿನಲ್ಲಿ ಬೇರೇನೂ ಇಲ್ಲದಿದ್ದರೆ. ಆ ಅಂಕಿಯನ್ನು ಚಿತ್ರಕ್ಕೆ ಹಾಕಲು ಬ್ಯಾಂಕು ಒಪ್ಪಲಿಲ್ಲ, ಕೌಂಟರಿನಲ್ಲಿ ಕೇಳಿದರೆ ಹೇಳುತ್ತೇವೆ ಅಂದರು. ಒತ್ತಾಯಿಸಲಿಲ್ಲ. ಚಿತ್ರ ಹೀಗಾಯಿತು:

> ನಿಮ್ಮ ಠೇವಣಿಗೆ ವಿಮೆ ಇದೆ.
> ಒಬ್ಬರಿಗೆ ನಮ್ಮ ಬ್ಯಾಂಕಿನ ಎಲ್ಲ ಖಾತೆ ಕೂಡಿ, ಅಸಲು-ಬಡ್ಡಿ ಸೇರಿ, ₹5 ಲಕ್ಷದವರೆಗೆ. ವಿಮೆ ಕೊಡುವುದು ಡಿಐಸಿಜಿಸಿ. ಪ್ರೀಮಿಯಂ ಬ್ಯಾಂಕೇ ಕಟ್ಟುತ್ತೆ.

"100%" ಹೋಯಿತು, "ಸೇಫ್" ಹೋಯಿತು. ಇಷ್ಟೆಲ್ಲ ಕಳೆದ ಮೇಲೂ ನೋಡಿದವರಿಗೆ ಹೆಚ್ಚು ಧೈರ್ಯ ಬಂದದ್ದು ಈ ಚಿತ್ರದಿಂದಲೇ. ಐದು ಲಕ್ಷ ಅನ್ನುವ ಗಡಿ ಹೇಳಿದ್ದಕ್ಕೇ ನಂಬಿಕೆ ಬಂತೇನೋ. ಪ್ರೀಮಿಯಂ ಬ್ಯಾಂಕು ಕಟ್ಟುತ್ತೆ ಅನ್ನುವುದು ಬಹಳ ಜನಕ್ಕೆ ಹೊಸ ಸುದ್ದಿ.

ತೆರಿಗೆ ಚಿತ್ರದಲ್ಲಿ ಒಂದು ಮಾತು ಮಾತ್ರ ಇಲ್ಲಿ ಬರೆಯುತ್ತೇನೆ. "ಟೊಮೆಟೊ ದುಡ್ಡಿಗೆ ಟ್ಯಾಕ್ಸ್ ಇಲ್ಲ" ಅಂತ ಎಲ್ಲರೂ ತಿಳಿದಿದ್ದಾರೆ. ಬೆಳೆಯ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ನಿಜ. ಆ ದುಡ್ಡನ್ನು ಎಫ್‌ಡಿ ಇಟ್ಟು ಬಂದ ಬಡ್ಡಿ ಬೆಳೆಯ ಆದಾಯ ಅಲ್ಲ. ವರ್ಷದ ಬಡ್ಡಿ 50,000 ದಾಟದಿದ್ದರೆ (60 ತುಂಬಿದವರಿಗೆ 1 ಲಕ್ಷ) ಬ್ಯಾಂಕು ಟಿಡಿಎಸ್ ಹಿಡಿಯಲ್ಲ, ಅಷ್ಟೇ. ಹಿಡಿಯಲಿಲ್ಲ ಅಂದ ಮಾತ್ರಕ್ಕೆ ತೆರಿಗೆ ಇಲ್ಲ ಅಂತಲ್ಲ. "ಟ್ಯಾಕ್ಸ್ ಫ್ರೀ" ಅನ್ನುವ ಮಾತು ಕರಡಿನಲ್ಲಿ ಎಲ್ಲೂ ಉಳಿಯದಂತೆ ಹುಡುಕಿ ತೆಗೆದೆ.

ಹಂತ 5: ಚಿತ್ರ ಒಂದೊಂದೇ ಊರು ಸುತ್ತುತ್ತೆ

ಎಲ್ಲ ಷರತ್ತನ್ನೂ ಏಳನೇ ಚಿತ್ರದಲ್ಲಿ ಒಟ್ಟಿಗೆ ಇಡುವುದು ಮೊದಲ ಯೋಜನೆ. ಬ್ಯಾಂಕುಗಳು ಸಾಮಾನ್ಯವಾಗಿ ಮಾಡುವುದೂ ಹಾಗೇ. ಕ್ಯಾರೊಸೆಲ್‌ಗೆ ಇದು ಕೂಡಲ್ಲ. ಮೊದಲನೆಯದು, ಏಳರವರೆಗೆ ಸರಿಸುವವರು ಕಡಿಮೆ. ಮೊದಲ ಚಿತ್ರ ದಾಟಿ ಹೋದವರಿಗೆ ಇನ್‌ಸ್ಟಾಗ್ರಾಂ ಅದೇ ಪೋಸ್ಟನ್ನು ಎಷ್ಟೋ ಸಲ ಎರಡನೇ ಚಿತ್ರದಿಂದ ತೋರಿಸುತ್ತೆ. ಅದಕ್ಕಿಂತ ದೊಡ್ಡದು ವಾಟ್ಸಾಪ್. ಒಬ್ಬರು ಮೊದಲ ಚಿತ್ರವನ್ನಷ್ಟೇ ಸ್ಕ್ರೀನ್‌ಶಾಟ್ ತೆಗೆದು ಊರಿನ ಗ್ರೂಪಿಗೆ ಹಾಕುತ್ತಾರೆ. ಆಗ 1,16,022 ಊರೆಲ್ಲ ಸುತ್ತುತ್ತೆ, ಏಳನೇ ಚಿತ್ರದ ಷರತ್ತು ಫೋನಿನಲ್ಲೇ ಉಳಿಯುತ್ತೆ.

ಅದಕ್ಕೆ ಪ್ರತಿ ಚಿತ್ರವನ್ನೂ ಒಂಟಿ ಜಾಹೀರಾತು ಎಂದೇ ಭಾವಿಸಿ ಬರೆದೆ. ಅಂಕಿ ಇರುವ ಚಿತ್ರದಲ್ಲೇ ಆ ಅಂಕಿಯ ಷರತ್ತು, ಬ್ಯಾಂಕಿನ ಹೆಸರು, "ಈ ದರ ಇಂಥ ತಾರೀಕಿನಿಂದ" ಎಂಬ ಸಾಲು. ಪರೀಕ್ಷೆ ಸುಲಭ: ಒಂದು ಚಿತ್ರವನ್ನು ಮಾತ್ರ ಬೇರೆಯವರಿಗೆ ಕಳಿಸಿ, ಇದನ್ನು ನಂಬಿ ಬ್ಯಾಂಕಿಗೆ ಹೋದರೆ ನಿಮಗೆ ಮೋಸ ಅನ್ನಿಸುತ್ತಾ ಅಂತ ಕೇಳುವುದು.

ಆಮೇಲೆ ಅಕ್ಷರದ ಗಾತ್ರ. ಚಿತ್ರ 1080 × 1350 ಪಿಕ್ಸೆಲ್. ಸಾಮಾನ್ಯ ಫೋನಿನ ಪರದೆ ಸುಮಾರು 6.8 ಸೆಂಟಿಮೀಟರ್ ಅಗಲ, ಅಂದರೆ 16 ಪಿಕ್ಸೆಲ್‌ಗೆ ಒಂದು ಮಿಲಿಮೀಟರ್. ಡಿಸೈನರ್ ಹುಡುಗ ಷರತ್ತನ್ನು 22 ಪಿಕ್ಸೆಲ್‌ನಲ್ಲಿ ಇಟ್ಟಿದ್ದ. ಒಂದೂವರೆ ಮಿಲಿಮೀಟರೂ ಇಲ್ಲ, ಕನ್ನಡದ ಒತ್ತಕ್ಷರ ಬರೀ ಚುಕ್ಕಿಯಾಗಿ ಕಾಣುತ್ತಿತ್ತು. 40ಕ್ಕೆ ಏರಿಸಿ, ಸಾಲಿನ ಅಂತರ ಒಂದೂವರೆ ಪಟ್ಟು ಇಟ್ಟ ಮೇಲೆ ಕನ್ನಡಕ ಇಲ್ಲದವರೂ ಓದಿದರು. ಫಾಂಟ್ ನೋಟೊ ಸಾನ್ಸ್ ಕನ್ನಡ, ತಲೆಬರಹಕ್ಕೂ ಷರತ್ತಿಗೂ ಅದೊಂದೇ. ಮೊದಲು ತಲೆಬರಹಕ್ಕೆ ಬಾಲೂ ತಮ್ಮ ಹಾಕಿದ್ದೆವು, ಗುಂಡಗೆ ಮುದ್ದಾಗಿರುತ್ತೆ. ತೆಗೆಯಬೇಕಾಯಿತು. ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ 2022ರಲ್ಲಿ ಬಂದ ಕೇಂದ್ರದ ಮಾರ್ಗಸೂಚಿ, ಷರತ್ತಿನ ಸಾಲು ಮುಖ್ಯ ಮಾತು ಇರುವ ಭಾಷೆಯಲ್ಲೇ, ಅದೇ ಫಾಂಟಿನಲ್ಲೇ ಇರಬೇಕು ಅನ್ನುತ್ತೆ. ಮೇಲೆ ಕನ್ನಡದಲ್ಲಿ ನಗುನಗುತ್ತಾ ಮಾತಾಡಿ ಕೆಳಗೆ ಇಂಗ್ಲಿಷಿನಲ್ಲಿ "ಟರ್ಮ್ಸ್ ಅಪ್ಲೈ" ಅನ್ನುವ ಚಾಳಿ ಇದರಿಂದ ಕೆಡುತ್ತೆ. ಖರ್ಚು: ಎರಡೂ ಫಾಂಟ್ ಉಚಿತ, ಫೋನಿನ ಗಾತ್ರಕ್ಕೆ ತೆಗೆದ ಕಲರ್ ಪ್ರಿಂಟ್ ಒಂದಕ್ಕೆ 10 ರೂಪಾಯಿ.

ಹಂತ 6: ಮಂಡಿಯಲ್ಲಿ ಓದಿಸಿದ್ದು

ಆ ಪ್ರಿಂಟುಗಳನ್ನು ಹಿಡಿದು ಎಪಿಎಂಸಿಗೆ ಹೋದೆ. ಹರಾಜು ಮುಗಿದು ಚೀಟಿ ಬರೆಯುವ ಹೊತ್ತು, ಜನ ಸ್ವಲ್ಪ ಬಿಡುವಾಗಿ ಸಿಗುತ್ತಾರೆ. "ಚೆನ್ನಾಗಿದೆಯಾ?" ಅಂತ ಕೇಳಲಿಲ್ಲ. ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಚಿತ್ರ ಓದಿಸಿ, ತಿರುಗಿಸಿಟ್ಟು, ಒಂದು ಪ್ರಶ್ನೆ: "ಅಣ್ಣ, ಲಕ್ಷ ಇಟ್ಟು ಎಂಟು ತಿಂಗಳಿಗೆ ತೆಗೆದ್ರೆ ಎಷ್ಟು ಬರುತ್ತೆ?"

ಹಳೆಯ ಕರಡು ಓದಿದವರು ಆರೂವರೆ ಪರ್ಸೆಂಟ್ ಅಂದರು. ಹೊಸದನ್ನು ಓದಿದ ಒಬ್ಬ ರೈತರು "ಮೂರೂವರೆ ಸಾವಿರ ಬರುತ್ತೆ, ಅಸಲು ಮುಟ್ಟಲ್ಲ" ಎಂದು ಹೇಳಿ, ತಕ್ಷಣ ಇನ್ನೊಂದು ಕೇಳಿದರು: "ಹಂಗಾದ್ರೆ ಎಂಟು ತಿಂಗಳಿಗೇ ಅಂತ ಇಟ್ರೆ ಆರೂಕಾಲು ಸಿಗುತ್ತಲ್ಲ? ಎರಡು ವರ್ಷಕ್ಕೆ ಯಾಕೆ ಇಡ್ಲಿ?"

ಅವರ ಲೆಕ್ಕ ಸರಿ. ಎಂಟು ತಿಂಗಳಿಗೆ ದುಡ್ಡು ಬೇಕೇ ಬೇಕು ಅಂತ ಗೊತ್ತಿದ್ದವರು ಎಂಟು ತಿಂಗಳಿಗೇ ಇಡುವುದು ಲಾಭ. ಇದನ್ನು ಬರೆಯಲು ಮ್ಯಾನೇಜರ್ ಬೇಡ ಅಂದರು, ಎರಡು ವರ್ಷದ ಟಾರ್ಗೆಟ್ ಹೋಗುತ್ತೆ ಅಂತ. ಮೇಡಂ ಬರೆಯಿರಿ ಅಂದರು: ಮುರಿಸುವ ಅರ್ಜಿ ಕಡಿಮೆಯಾದರೆ ಕೌಂಟರಿಗೆ ಒಳ್ಳೆಯದು. ಮುರಿಸುವವರ ಚಿತ್ರದ ಕೊನೆಗೆ ಒಂದು ಸಾಲು ಬಂತು: "ಯಾವಾಗ ಬೇಕು ಅಂತ ಮೊದಲೇ ಗೊತ್ತಿದ್ದರೆ ಅಷ್ಟೇ ಅವಧಿಗೆ ಇಡಿ." ಇಡೀ ಕ್ಯಾರೊಸೆಲ್‌ನಲ್ಲಿ ನಿಜವಾಗಿ ಮನೆಯವರು ಹೇಳುವಂಥ ಮಾತು ಇದೊಂದೇ ಅಂತ ನನ್ನ ಅಭಿಪ್ರಾಯ. ನಾನು ಬರೆದದ್ದಲ್ಲ, ಆ ರೈತರದು.

ಹಂತ 7: ಸಹಿ, ಕತ್ತರಿ

ಹೆಡ್ ಆಫೀಸಿಗೆ ಬರೀ ಚಿತ್ರ ಕಳಿಸಲಿಲ್ಲ. ಪ್ರತಿ ವಾಕ್ಯದ ಎದುರು ಅದರ ಆಧಾರ ಬರೆದ ಒಂದು ಹಾಳೆಯನ್ನೂ ಕಳಿಸಿದೆ: "ಅಸಲಿನಲ್ಲಿ ಕಡಿತ ಇಲ್ಲ" ಎದುರು ಬ್ಯಾಂಕಿನ ಯಾವ ಸುತ್ತೋಲೆ, ಯಾವ ಕಲಮು ಅಂತ. ಆಮೇಲೆ ತಿದ್ದುಪಡಿ ಬೇಗ ಬಂತು, ಯಾಕೆಂದರೆ ಮೇಡಂ ಹುಡುಕುವ ಕೆಲಸ ತಪ್ಪಿತ್ತು. ಆಧಾರ ಸಿಗದ ಸಾಲು ಅಲ್ಲೇ ಬಿತ್ತು.

ಬಿದ್ದವುಗಳಲ್ಲಿ ಮ್ಯಾನೇಜರಿಗೆ ಪ್ರೀತಿಯದ್ದು "ಎಫ್‌ಡಿ ಇಟ್ಟವರಿಗೆ ಲಕ್ಕಿ ಡ್ರಾ, ಬೆಳ್ಳಿ ನಾಣ್ಯ". ಠೇವಣಿ ಸೆಳೆಯಲು ಲಾಟರಿ, ಬಹುಮಾನ, ಅದೃಷ್ಟದ ಆಟ ಯಾವುದೂ ಕೂಡದು ಅಂತ ಅದೇ ಆರ್‌ಬಿಐ ನಿರ್ದೇಶನ ಹೇಳುತ್ತೆ. 250 ರೂಪಾಯಿ ಮೀರದ ಸಣ್ಣ ಉಡುಗೊರೆಗೆ ಮಾತ್ರ ಅವಕಾಶ. ಕ್ಯಾಲೆಂಡರ್ ಕೊಡಿ ಅಂದೆ.

"ಕಾಮೆಂಟಲ್ಲಿ ನಿಮ್ಮ ನಂಬರ್ ಹಾಕಿ, ನಾವೇ ಕರೆ ಮಾಡ್ತೀವಿ" ಎನ್ನುವ ಕೊನೆಯ ಸಾಲು ಕೂಡ ಹೋಯಿತು. ನಂಬರ್ ಹಾಕಿದವರಿಗೆ ಬ್ಯಾಂಕಿಗಿಂತ ಮುಂಚೆ ಕರೆ ಮಾಡುವವರು ಬೇರೆಯೇ ಇರುತ್ತಾರೆ. ಬದಲಿಗೆ: "ಶಾಖೆಗೆ ಬನ್ನಿ, ಇಲ್ಲ ನಮ್ಮ ವೆಬ್‌ಸೈಟ್ ನೋಡಿ. ವಿಳಾಸದ ಕೊನೆಗೆ .bank.in ಇದೆಯಾ ನೋಡಿಕೊಳ್ಳಿ. ಒಟಿಪಿ ನಾವು ಯಾವತ್ತೂ ಕೇಳಲ್ಲ." ಬ್ಯಾಂಕುಗಳೆಲ್ಲ ಆ ವಿಳಾಸಕ್ಕೆ ಹೋಗಬೇಕೆಂದು ಆರ್‌ಬಿಐ 2025ರ ಅಕ್ಟೋಬರ್ ಕೊನೆಯ ಗಡುವು ಕೊಟ್ಟಿತ್ತು, ಇವರದು ಬದಲಾಗಿತ್ತು.

ದರ ಬದಲಾದರೆ ಪೋಸ್ಟಿನೊಳಗಿನ ಚಿತ್ರ ಬದಲಿಸಿಕೊಂಡು ಕೂರುವುದಿಲ್ಲ. ಹಳೆಯದನ್ನು ಪೂರ್ತಿ ತೆಗೆದು ಹೊಸದು ಹಾಕುವುದು ಎಂದು ಬರೆದುಕೊಟ್ಟಿದ್ದೇನೆ. ವಾಟ್ಸಾಪಿನಲ್ಲಿ ಹೋದದ್ದು ವಾಪಸ್ ಬರಲ್ಲ, ಅದಕ್ಕೇ ಪ್ರತಿ ಚಿತ್ರದ ಮೇಲೂ ತಾರೀಕು.

ಬಾಕಿ ಇರುವುದು

ಮುಳಬಾಗಿಲು, ಶ್ರೀನಿವಾಸಪುರದ ಕಡೆಗೆ ತೆಲುಗಿನಲ್ಲೂ ಬೇಕು ಅಂತ ಈಗ ಕೇಳಿದ್ದಾರೆ. "ತಲೆಬರಹ ಮಾತ್ರ ತೆಲುಗು ಮಾಡಿ, ಕೆಳಗಿನದು ಕನ್ನಡವೇ ಇರಲಿ" ಅಂದರು. ಆಗಲ್ಲ ಅಂದೆ; ಮಾತು ತೆಲುಗಿನಲ್ಲಿದ್ದರೆ ಷರತ್ತೂ ತೆಲುಗಿನಲ್ಲೇ ಇರಬೇಕು. ಮುರಿಸುವವರ ಚಿತ್ರದ ತೆಲುಗು ಕರಡು ಮುಳಬಾಗಿಲು ಶಾಖೆಯ ಕ್ಯಾಷಿಯರ್ ಹತ್ತಿರ ಇದೆ. ಅವರು ಕೌಂಟರಿನಲ್ಲಿ ಹೇಳುವ ಹಾಗೆ ತಿದ್ದಿಕೊಟ್ಟ ಮೇಲೆ ಆಧಾರದ ಹಾಳೆ ಜೊತೆ ಮೇಡಂಗೆ ಹೋಗುತ್ತೆ.